ಡ್ಯೂಟಿ ಡಾಕ್ಟರ್ ರೆಸ್ಯೂಮೆ: ಲಾಗ್‌ಬುಕ್‌ನಲ್ಲಿ ಇರುವಷ್ಟೇ ಬರೆಯಿರಿ

ಪ್ರಶ್ನೆ: ಮಂಗಳೂರಿನಲ್ಲಿ ಎಂಬಿಬಿಎಸ್ ಓದಿ ಕಳೆದ ತಿಂಗಳು ಇಂಟರ್ನ್‌ಶಿಪ್ ಮುಗಿಸಿದ್ದೇನೆ. ಮನೆ ಕಾಪುವಿನ ಹತ್ತಿರ. ಪಿಜಿ ಸೀಟು ಸಿಗುವವರೆಗೆ ಮಂಗಳೂರು ಅಥವಾ ಉಡುಪಿಯ ಯಾವುದಾದರೂ ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರ್ ಆಗಿ ಸೇರಬೇಕೆಂದಿದ್ದೇನೆ. ನಾಲ್ಕು ಪುಟದ ರೆಸ್ಯೂಮೆಯನ್ನು ಐದು ಕಡೆ ಕಳುಹಿಸಿದೆ. ಒಂದು ಕಡೆಯಿಂದಲೂ ಕರೆ ಬರಲಿಲ್ಲ. ಪೋಸ್ಟಿಂಗ್, ಪ್ರೊಸೀಜರ್, ಸಂಶೋಧನೆ ಇವುಗಳನ್ನು ಹೇಗೆ ಬರೆಯಬೇಕು? ಇದೇ ರೆಸ್ಯೂಮೆ ಮುಂದೆ ಪಿಜಿ ಸೀಟಿಗೂ ಉಪಯೋಗವಾಗುತ್ತದೆಯೇ? ಪ್ರತಿಯನ್ನು ಲಗತ್ತಿಸಿದ್ದೇನೆ.

ಉತ್ತರ: ಕೊನೆಯ ಪ್ರಶ್ನೆಯನ್ನು ಮೊದಲು ಮುಗಿಸಿಬಿಡೋಣ, ಅದು ಚಿಕ್ಕದು. ನಮ್ಮಲ್ಲಿ ಎಂಡಿ, ಎಂಎಸ್, ಡಿಎನ್‌ಬಿ ಸೀಟುಗಳು ನೀಟ್ ಪಿಜಿ ರ‍್ಯಾಂಕ್, ಮೀಸಲಾತಿ ಮತ್ತು ನೀವು ಕೊಟ್ಟ ಆಯ್ಕೆಯ ಕ್ರಮದ ಮೇಲೆ ಹಂಚಿಕೆಯಾಗುತ್ತವೆ. ಕೌನ್ಸೆಲಿಂಗ್‌ನಲ್ಲಿ ಯಾರೂ ನಿಮ್ಮ ರೆಸ್ಯೂಮೆ ಕೇಳುವುದಿಲ್ಲ. ಅಮೆರಿಕದ ರೆಸಿಡೆನ್ಸಿಗೆ ಹೋಗುವ ಯೋಚನೆಯಿದ್ದರೆ ಕಥೆ ಬೇರೆ. ಅಲ್ಲಿ ಅರ್ಜಿಯ ನಮೂನೆಯೇ ನಿಗದಿಯಾಗಿದ್ದು, ಅನುಭವಗಳಿಗೆ ಹತ್ತು ಜಾಗ ಮಾತ್ರ ಕೊಡುತ್ತಾರೆ. ಅದರಲ್ಲಿ ಮೂರನ್ನು ಅತಿ ಮುಖ್ಯವೆಂದು ಗುರುತಿಸಿ ವಿವರಿಸಬೇಕು. ನೀವು ಅದನ್ನು ಕೇಳಿಲ್ಲ. ಹಾಗಾಗಿ ನಿಮ್ಮ ರೆಸ್ಯೂಮೆಯ ಕೆಲಸ ಒಂದೇ: ನಿಮ್ಮನ್ನು ಡ್ಯೂಟಿ ಡಾಕ್ಟರ್ ಕೆಲಸದ ಸಂದರ್ಶನಕ್ಕೆ ಕರೆಸುವುದು.

ನಾನು ಮಂಗಳೂರಿನ ಒಂದು ಖಾಸಗಿ ಆಸ್ಪತ್ರೆಯ ತುರ್ತು ವಿಭಾಗದಲ್ಲಿದ್ದು, ಹಲವು ವರ್ಷಗಳಿಂದ ಇಂಥ ಅರ್ಜಿಗಳನ್ನು ಓದುತ್ತಿದ್ದೇನೆ. ಓದುವಾಗ ಮನಸ್ಸಿನಲ್ಲಿರುವುದು ಚಿನ್ನದ ಪದಕವಲ್ಲ. ರಾತ್ರಿ ಎರಡು ಗಂಟೆಗೆ ಪಂಪ್‌ವೆಲ್ ಕಡೆಯಿಂದ ಅಪಘಾತದ ರೋಗಿಯನ್ನು ತಂದಿಳಿಸಿದಾಗ, ತಜ್ಞರು ಮನೆಯಿಂದ ಬಂದು ಮುಟ್ಟುವವರೆಗಿನ ಇಪ್ಪತ್ತು ನಿಮಿಷ ಈ ಹುಡುಗನೋ ಹುಡುಗಿಯೋ ಏನು ಮಾಡಬಲ್ಲರು? ಏನನ್ನು ಮುಟ್ಟದೆ ಬಿಡಬಲ್ಲರು? ನಿಮ್ಮ ನಾಲ್ಕು ಪುಟಗಳಲ್ಲಿ ಇದಕ್ಕೆ ಉತ್ತರ ಹುಡುಕಿದೆ. ಮೊದಲ ಪುಟದಲ್ಲಿ ಗುರಿ, ಧ್ಯೇಯ, ಹವ್ಯಾಸ ಮತ್ತು ಹತ್ತನೇ ತರಗತಿಯ ಅಂಕ ಸಿಕ್ಕಿತು. ಕ್ಯಾಶುವಾಲ್ಟಿ ಎಂಬ ಪದ ಮೂರನೇ ಪುಟದಲ್ಲಿತ್ತು. ಅಲ್ಲಿಯವರೆಗೆ ಓದುವ ವ್ಯವಧಾನ ಹೆಚ್ಚಿನವರಿಗೆ ಇರುವುದಿಲ್ಲ.

ಪೋಸ್ಟಿಂಗ್‌ಗಳಿಂದ ಶುರು ಮಾಡೋಣ. ನೀವು ಇಂಟರ್ನ್‌ಶಿಪ್‌ನ ಎಲ್ಲ ವಿಭಾಗಗಳನ್ನೂ ವಾರಗಳ ಲೆಕ್ಕದೊಂದಿಗೆ ಉದ್ದಕ್ಕೆ ಪಟ್ಟಿ ಮಾಡಿದ್ದೀರಿ. ಆದರೆ ಈ ವಾರಗಳನ್ನು ನಿಗದಿ ಮಾಡಿರುವುದು 2021ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮ. ಸಮುದಾಯ ವೈದ್ಯಕೀಯಕ್ಕೆ ಹನ್ನೆರಡು ವಾರ, ಮೆಡಿಸಿನ್ ಮತ್ತು ಸರ್ಜರಿಗೆ ಆರಾರು ವಾರ ಎಂಬುದು ನಿಮಗೂ ಅಷ್ಟೇ, ನಿಮ್ಮ ಬ್ಯಾಚಿನ ಎಲ್ಲರಿಗೂ ಅಷ್ಟೇ. ನನ್ನ ಮೇಜಿನ ಮೇಲಿರುವ ಮೂವತ್ತು ಅರ್ಜಿಗಳಲ್ಲೂ ಇರುವ ಪಟ್ಟಿ ನಿಮ್ಮ ಬಗ್ಗೆ ಏನನ್ನೂ ಹೇಳುವುದಿಲ್ಲ. "ಕಡ್ಡಾಯ ಇಂಟರ್ನ್‌ಶಿಪ್ ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ ಪೂರ್ಣಗೊಂಡಿದೆ" ಎಂಬ ಒಂದು ಸಾಲು ಸಾಕು. ಕೆಲಸಕ್ಕೆ ಸಂಬಂಧಿಸಿದ ಎರಡು ಮೂರು ಪೋಸ್ಟಿಂಗ್‌ಗಳನ್ನು ಮಾತ್ರ ಬಿಡಿಸಿ ಬರೆಯಿರಿ.

ಹಾಗೆ ಬಿಡಿಸುವಾಗ ತಿಂಗಳನ್ನು ತಪ್ಪದೆ ಹಾಕಿ. ಬೇರೆ ಊರಿನವರಿಗೆ ಇದು ಕ್ಷುಲ್ಲಕ ಅನ್ನಿಸಬಹುದು, ಕರಾವಳಿಯವರಿಗೆ ಅಲ್ಲ. ಫೆಬ್ರವರಿಯ ಮೆಡಿಸಿನ್ ವಾರ್ಡ್ ಬೇರೆ, ಜುಲೈ-ಆಗಸ್ಟ್‌ನ ವಾರ್ಡ್ ಬೇರೆ. ಮಳೆಗಾಲದಲ್ಲಿ ಇಲ್ಲಿ ಮೆಡಿಸಿನ್ ಮಾಡಿದವರು ಡೆಂಗಿ, ಮಲೇರಿಯಾ, ಇಲಿಜ್ವರ ಮೂರನ್ನೂ ಅಕ್ಕಪಕ್ಕದ ಹಾಸಿಗೆಗಳಲ್ಲಿ ನೋಡಿರುತ್ತಾರೆ. ನಿಮ್ಮ ಲಾಗ್‌ಬುಕ್ ಪುಟಗಳ ಚಿತ್ರ ತರಿಸಿಕೊಂಡಾಗ ಗೊತ್ತಾಯಿತು, ನಿಮ್ಮ ಮೆಡಿಸಿನ್ ಪೋಸ್ಟಿಂಗ್ ಜುಲೈನಲ್ಲೇ ಇತ್ತು, ಹನ್ನೊಂದು ರಾತ್ರಿ ಪಾಳಿ ಮಾಡಿದ್ದೀರಿ. ಇದು ರೆಸ್ಯೂಮೆಯಲ್ಲಿ ಎಲ್ಲೂ ಇಲ್ಲ! ಅಲ್ಲಿರುವುದು "ವಿವಿಧ ರೋಗಿಗಳ ಆರೈಕೆಯಲ್ಲಿ ಭಾಗವಹಿಸಿದ್ದೇನೆ" ಎಂಬ ಮಾತು. ಅದನ್ನು ತೆಗೆದು ಹೀಗೆ ಬರೆಯಿರಿ (ನೀವು ಬರೆಯುವುದು ಇಂಗ್ಲಿಷಿನಲ್ಲೇ ಆದರೂ ಸಾಲಿನ ಹದ ತೋರಿಸಲು ಕನ್ನಡದಲ್ಲಿ ಕೊಡುತ್ತಿದ್ದೇನೆ):

"ಜನರಲ್ ಮೆಡಿಸಿನ್, 6 ವಾರ, ಜುಲೈ–ಆಗಸ್ಟ್. 11 ರಾತ್ರಿ ಪಾಳಿ. ಮಳೆಗಾಲದ ಜ್ವರದ ರೋಗಿಗಳ ದಾಖಲಾತಿ ಟಿಪ್ಪಣಿ, ಡೆಂಗಿ ರೋಗಿಗಳ ಹೆಮಟೋಕ್ರಿಟ್ ಮತ್ತು ಮೂತ್ರದ ಪ್ರಮಾಣದ ನಿಗಾ, ಪಿಜಿ ವೈದ್ಯರ ಮೇಲ್ವಿಚಾರಣೆಯಲ್ಲಿ ದ್ರವ ಚಿಕಿತ್ಸೆ."

ಹೀಗೆ ಬರೆದರೆ ಸಂದರ್ಶನದ ಪ್ರಶ್ನೆಯೂ ನಿಮಗೆ ಗೊತ್ತಿರುವ ಕಡೆಗೇ ಬರುತ್ತದೆ. ನಾನಾದರೆ ಹೀಗೆ ಕೇಳುತ್ತೇನೆ: ಪ್ಲೇಟ್‌ಲೆಟ್ ನಲವತ್ತು ಸಾವಿರ, ರಕ್ತಸ್ರಾವ ಇಲ್ಲ, ಮನೆಯವರು ಪ್ಲೇಟ್‌ಲೆಟ್ ಹಾಕಿಸಿ ಎಂದು ಕೂಗಾಡುತ್ತಿದ್ದಾರೆ, ಏನು ಮಾಡುತ್ತೀರಿ? ಆ ಜುಲೈ ತಿಂಗಳನ್ನು ನಿಜವಾಗಿ ವಾರ್ಡಿನಲ್ಲಿ ಕಳೆದವರು ತಡಬಡಾಯಿಸುವುದಿಲ್ಲ. ಹಾಕುವುದಿಲ್ಲ, ಹೆಮಟೋಕ್ರಿಟ್, ನಾಡಿ, ರಕ್ತದೊತ್ತಡ, ಮೂತ್ರ ನೋಡುತ್ತೇನೆ, ಮನೆಯವರನ್ನು ಕೂರಿಸಿಕೊಂಡು ಮಾತಾಡುತ್ತೇನೆ ಎನ್ನುತ್ತಾರೆ.

ತುರ್ತು ವಿಭಾಗದ ಎರಡು ವಾರದ ಬಗ್ಗೆ ಬರೆಯುವಾಗ ಎಂಎಲ್‌ಸಿ ಕೆಲಸವನ್ನು ಮರೆಯಬೇಡಿ. ಹೊಲಿಗೆ ಹಾಕಿದ್ದನ್ನು ಎಲ್ಲರೂ ಬರೆಯುತ್ತಾರೆ. ಗಾಯದ ಪ್ರಮಾಣಪತ್ರದಲ್ಲಿ ಗಾಯದ ಅಳತೆ, ಜಾಗ, ಸ್ವರೂಪ ಸರಿಯಾಗಿ ದಾಖಲಿಸಿದ್ದು, ಪೊಲೀಸ್ ಠಾಣೆಗೆ ಮಾಹಿತಿ ಕಳುಹಿಸಿದ್ದು ಇವನ್ನು ಬರೆಯುವವರು ಕಡಿಮೆ. ಆಸ್ಪತ್ರೆಯವರಿಗೆ ನಿದ್ದೆ ಕೆಡಿಸುವುದು ಹೆಚ್ಚಾಗಿ ಎರಡನೆಯದೇ.

ಈಗ ಪ್ರೊಸೀಜರ್‌ಗಳಿಗೆ ಬರುತ್ತೇನೆ. ನಿಮ್ಮ ರೆಸ್ಯೂಮೆ ಸೋತಿರುವುದು ಇಲ್ಲೇ ಎಂದು ನನ್ನ ಅನುಮಾನ. ಇಂಟ್ಯುಬೇಶನ್, ಸೆಂಟ್ರಲ್ ಲೈನ್, ಲಂಬಾರ್ ಪಂಕ್ಚರ್, ಎದೆಗೆ ನಳಿಕೆ, ಹೆರಿಗೆ, ಹೊಲಿಗೆ, ಕ್ಯಾತಿಟರ್ ಎಲ್ಲವನ್ನೂ ಒಂದೇ ಸಾಲಿನಲ್ಲಿಟ್ಟು, ಪ್ರತಿಯೊಂದರ ಮುಂದೆ ಐದು ಚುಕ್ಕಿಗಳ ಅಳತೆ ಹಾಕಿದ್ದೀರಿ. ಸೆಂಟ್ರಲ್ ಲೈನ್‌ಗೆ ನಾಲ್ಕು ಚುಕ್ಕಿ. ಈಗಷ್ಟೇ ಇಂಟರ್ನ್‌ಶಿಪ್ ಮುಗಿಸಿದವರು ಸೆಂಟ್ರಲ್ ಲೈನ್‌ನಲ್ಲಿ ಐದಕ್ಕೆ ನಾಲ್ಕು ಎಂದರೆ ಓದುವವರು ನಗುತ್ತಾರೆ. ನಕ್ಕ ಮೇಲೆ ನಿಮ್ಮ ಉಳಿದ ಸಾಲುಗಳನ್ನೂ ನಂಬುವುದಿಲ್ಲ. ನೀವು ನಿಜವಾಗಿಯೂ ಅರವತ್ತಕ್ಕೂ ಹೆಚ್ಚು ಗಾಯಗಳಿಗೆ ಹೊಲಿಗೆ ಹಾಕಿದ್ದೀರಿ, ಆ ನಾಲ್ಕು ಚುಕ್ಕಿಗಳು ಅದನ್ನೂ ಸುಳ್ಳೆನ್ನಿಸಿಬಿಟ್ಟವು.

ಇದರಲ್ಲಿ ನನಗೆ ಸ್ವಂತ ಅನುಭವವೂ ಇದೆ. ನನ್ನ ಮೊದಲ ರೆಸ್ಯೂಮೆಯಲ್ಲಿ ಎದೆಗೆ ನಳಿಕೆ ಹಾಕಬಲ್ಲೆ ಎಂದು ಬರೆದಿದ್ದೆ. ನಿಜವಾಗಿ ಎರಡು ಬಾರಿ ಪಕ್ಕದಲ್ಲಿ ನಿಂತು ಗಾಜ್ ಕೊಟ್ಟಿದ್ದೆ, ಅಷ್ಟೆ. ಸಂದರ್ಶನ ಮಾಡಿದ ಹಿರಿಯ ಸರ್ಜನ್ ಕುರ್ಚಿಯಿಂದ ಎದ್ದು ಬಂದು, ತಮ್ಮ ಎಡಗೈಯನ್ನು ತಲೆಯ ಮೇಲಿಟ್ಟುಕೊಂಡು, ನನ್ನ ಕೈಗೆ ಪೆನ್ನು ಕೊಟ್ಟರು. "ಬಿಳಿ ಅಂಗಿ, ಪರವಾಗಿಲ್ಲ. ಎಲ್ಲಿ ಹಾಕುತ್ತೀರಿ, ಗುರುತು ಮಾಡಿ." ನಾನು ಮೊಲೆತೊಟ್ಟಿನ ಕೆಳಗೆ, ಮುಂದಕ್ಕೆ ಚುಕ್ಕಿ ಇಟ್ಟೆ. ಅವರು ನೋಡಿ, "ಇಲ್ಲಿ ಹಾಕಿದರೆ ಹೃದಯಕ್ಕೇ ಬಾಗಿಲು ತೆಗೆದ ಹಾಗೆ" ಎಂದರು. ಪಕ್ಕೆಲುಬಿನ ಮೇಲಂಚಿನಲ್ಲೋ ಕೆಳಗಂಚಿನಲ್ಲೋ ಎಂಬ ಎರಡನೇ ಪ್ರಶ್ನೆಗೂ ತಪ್ಪು ಹೇಳಿದೆ. ಕಂಕುಳ ನಡುಗೆರೆಯ ಸ್ವಲ್ಪ ಮುಂದೆ, ಐದನೇ ಪಕ್ಕೆಲುಬು ಸಂದಿನಲ್ಲಿ, ಕೆಳಗಿನ ಪಕ್ಕೆಲುಬಿನ ಮೇಲಂಚನ್ನು ಹಿಡಿದು ಒಳಹೋಗಬೇಕು. ರಕ್ತನಾಳ, ನರಗಳೆಲ್ಲ ಮೇಲಿನ ಪಕ್ಕೆಲುಬಿನ ಕೆಳಗಂಚಿನ ತೋಡಿನಲ್ಲಿ ಅಡಗಿರುತ್ತವೆ. ಪರೀಕ್ಷೆಯಲ್ಲಿ ಇದನ್ನು ಬರೆದು ಅಂಕ ತೆಗೆದವನೇ ನಾನು. ಕೆಲಸ ಸಿಗಲಿಲ್ಲ. "ಎರಡು ಬಾರಿ ನೆರವಾಗಿದ್ದೇನೆ" ಎಂದು ಬರೆದಿದ್ದರೆ ಆ ಪೆನ್ನು ನನ್ನ ಕೈಗೆ ಬರುತ್ತಲೇ ಇರಲಿಲ್ಲ.

ಹಾಗಾದರೆ ಹೇಗೆ ಬರೆಯಬೇಕು? ಲಾಗ್‌ಬುಕ್‌ನಲ್ಲಿ ನೋಡಿದ್ದು, ಮೇಲ್ವಿಚಾರಣೆಯಲ್ಲಿ ಮಾಡಿದ್ದು, ಸ್ವತಂತ್ರವಾಗಿ ಮಾಡಿದ್ದು ಎಂದು ಬೇರೆ ಬೇರೆ ದಾಖಲಾಗಿರುತ್ತದೆ, ಪಕ್ಕದಲ್ಲಿ ಸಹಿಯೂ ಇರುತ್ತದೆ. ಆ ವಿಂಗಡಣೆಯನ್ನೇ ರೆಸ್ಯೂಮೆಗೆ ತನ್ನಿ. ಒಂದು ಸಂಜೆ ಕುಳಿತು, ಸಹಿ ಇರುವ ನಮೂದುಗಳನ್ನು ಮಾತ್ರ ಎಣಿಸಿ. ಸಹಿ ಇಲ್ಲದ್ದನ್ನು ಸೇರಿಸಬೇಡಿ. ಸಂಖ್ಯೆ ದೊಡ್ಡದಿದ್ದಾಗ "50ಕ್ಕೂ ಹೆಚ್ಚು" ಎಂದರೆ ಸಾಕು, ಚಿಕ್ಕದಿದ್ದಾಗ ಸರಿಯಾದ ಸಂಖ್ಯೆಯೇ ಇರಲಿ.

ನಿಮ್ಮ ಇಂಟ್ಯುಬೇಶನ್ ಸಾಲನ್ನೇ ತೆಗೆದುಕೊಳ್ಳೋಣ. ಲಾಗ್‌ಬುಕ್‌ನಲ್ಲಿ ಏಳು ನಮೂದುಗಳಿವೆ. ಅರಿವಳಿಕೆ ಪೋಸ್ಟಿಂಗ್‌ನಲ್ಲಿ ಐದು, ಎಲ್ಲವೂ ಆಪರೇಷನ್ ಥಿಯೇಟರಿನಲ್ಲಿ, ತಜ್ಞರು ಪಕ್ಕದಲ್ಲಿರುವಾಗ. ಅದರಲ್ಲಿ ಮೂರು ಮೊದಲ ಯತ್ನಕ್ಕೆ ಹೋಗಿವೆ, ಎರಡರಲ್ಲಿ ತಜ್ಞರು ಕೈಹಾಕಬೇಕಾಯಿತು. ಉಳಿದೆರಡು ಕ್ಯಾಶುವಾಲ್ಟಿಯಲ್ಲಿ, ನೀವು ನೆರವಾದದ್ದು ಮಾತ್ರ. ಹಾಗಿದ್ದರೆ ಸಾಲು ಇದು:

"ಇಂಟ್ಯುಬೇಶನ್: ಥಿಯೇಟರಿನಲ್ಲಿ ಮೇಲ್ವಿಚಾರಣೆಯಲ್ಲಿ 5 (3 ಮೊದಲ ಯತ್ನದಲ್ಲಿ), ತುರ್ತು ವಿಭಾಗದಲ್ಲಿ 2ಕ್ಕೆ ನೆರವು. ಬ್ಯಾಗ್-ಮಾಸ್ಕ್ ವೆಂಟಿಲೇಶನ್: ಸ್ವತಂತ್ರವಾಗಿ 20."

ಥಿಯೇಟರ್ ಎಂದು ಬರೆಯಲೇಬೇಕಾದ ಕಾರಣವಿದೆ. ಅಲ್ಲಿಯ ರೋಗಿ ಖಾಲಿ ಹೊಟ್ಟೆಯಲ್ಲಿ ಬಂದಿರುತ್ತಾರೆ, ಸ್ನಾಯುಗಳು ಸಡಿಲವಾಗಿರುತ್ತವೆ, ತಲೆಯನ್ನು ಹದವಾಗಿ ಇಟ್ಟಿರುತ್ತಾರೆ, ಆಮ್ಲಜನಕ ಮೊದಲೇ ತುಂಬಿರುತ್ತದೆ. ಕ್ಯಾಶುವಾಲ್ಟಿಗೆ ಬರುವವರು ಊಟ ಮಾಡಿಯೇ ಬಂದಿರುತ್ತಾರೆ, ಬಾಯಲ್ಲಿ ರಕ್ತ ಇರುತ್ತದೆ, ಕೊರಳಿಗೆ ಪಟ್ಟಿ ಕಟ್ಟಿರುತ್ತಾರೆ. ಎರಡನ್ನೂ ಒಂದೇ ಎಂದು ಬರೆದವರಿಗೆ ಆ ವ್ಯತ್ಯಾಸ ಗೊತ್ತಿಲ್ಲ ಎಂದೇ ನಾನು ಓದುತ್ತೇನೆ. ಇನ್ನು ಬ್ಯಾಗ್-ಮಾಸ್ಕ್ ಅನ್ನು ಏಕೆ ಸೇರಿಸಿದೆ ಎಂದರೆ, ನನಗೆ ಬೇಕಾದದ್ದು ಅದೇ. ಅರಿವಳಿಕೆ ತಜ್ಞರು ಕದ್ರಿಯ ಮನೆಯಿಂದ ಬರುವವರೆಗೆ ಮಾಸ್ಕ್ ಒತ್ತಿಹಿಡಿದು, ಎದೆ ಏಳುತ್ತಿದೆಯೇ ನೋಡುತ್ತ ಆಮ್ಲಜನಕ ಕಾಯ್ದುಕೊಳ್ಳುವವರು ನನಗೆ ಸಾಕು. ಮೂರು ಸಲ ನಳಿಕೆ ತುರುಕಲು ಹೋಗಿ ಗಂಟಲು ಊದಿಸುವವರು ಬೇಡ. ನಿಮ್ಮ ಲಾಗ್‌ಬುಕ್‌ನಲ್ಲಿ ಇಪ್ಪತ್ತು ಬ್ಯಾಗ್-ಮಾಸ್ಕ್ ಇವೆ, ರೆಸ್ಯೂಮೆಯಲ್ಲಿ ಒಂದೂ ಇಲ್ಲ. ಅದು ಸಣ್ಣ ಕೆಲಸ ಎಂದುಕೊಂಡಿರಿ.

ಉಳಿದವನ್ನೂ ಹೀಗೆಯೇ ಮೂರು ಗುಂಪು ಮಾಡಿ. ಸ್ವತಂತ್ರವಾಗಿ ಮಾಡಿದ್ದು ಮೊದಲು: ಗಾಯದ ಹೊಲಿಗೆ 60ಕ್ಕೂ ಹೆಚ್ಚು, ಮೂತ್ರದ ಕ್ಯಾತಿಟರ್ 50ಕ್ಕೂ ಹೆಚ್ಚು, ರೈಲ್ಸ್ ಟ್ಯೂಬ್ 30, ಎಬಿಜಿಗೆ ರೇಡಿಯಲ್ ಅಪಧಮನಿಯಿಂದ ರಕ್ತ ತೆಗೆದದ್ದು 40. ಆಮೇಲೆ ಮೇಲ್ವಿಚಾರಣೆಯಲ್ಲಿ ಮಾಡಿದ್ದು: ಸಹಜ ಹೆರಿಗೆ 5, ಇಂಟ್ಯುಬೇಶನ್ 5. ಕೊನೆಗೆ ನೆರವಾದದ್ದು: ಲಂಬಾರ್ ಪಂಕ್ಚರ್ 2, ಎದೆಯ ನಳಿಕೆ 1. ನೀವು ಮೂರು ಬಾರಿ ದೂರದಿಂದ ನೋಡಿದ ಸೆಂಟ್ರಲ್ ಲೈನ್ ಅನ್ನು ಪೂರ್ತಿ ತೆಗೆಯಿರಿ. ನೋಡಿದ್ದನ್ನೆಲ್ಲ ಬರೆಯುವುದಾದರೆ ಬೈಪಾಸ್ ಸರ್ಜರಿಯನ್ನೂ ಬರೆಯಬೇಕಾದೀತು.

ಜೀವರಕ್ಷಕ ತರಬೇತಿಯ ಬಿಎಲ್‌ಎಸ್, ಎಸಿಎಲ್‌ಎಸ್ ಪ್ರಮಾಣಪತ್ರಗಳನ್ನು ಪ್ರೊಸೀಜರ್‌ಗಳ ಕೆಳಗೇ ಇಡಿ, ಅವಧಿ ಮುಗಿಯುವ ತಿಂಗಳನ್ನು ಸೇರಿಸಿ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಪತ್ರಕ್ಕೆ ಎರಡೇ ವರ್ಷ ಬೆಲೆ. ನಿಮ್ಮ ಬಿಎಲ್‌ಎಸ್ ಎರಡನೇ ವರ್ಷದ ಎಂಬಿಬಿಎಸ್‌ನಲ್ಲಿ ಮಾಡಿದ್ದು, ಅದು ಮುಗಿದಿದೆ. ಮತ್ತೆ ಮಾಡಿಸಿಕೊಂಡೇ ಅರ್ಜಿ ಹಾಕಿ.

ಸಂಶೋಧನೆಯ ಭಾಗಕ್ಕೆ ಡ್ಯೂಟಿ ಡಾಕ್ಟರ್ ಕೆಲಸದಲ್ಲಿ ತೂಕ ಕಡಿಮೆ, ಮೂರು ನಾಲ್ಕು ಸಾಲು ಸಾಕು. ಆದರೆ ಅಲ್ಲಿಯ ತಪ್ಪು ದುಬಾರಿ. ನೀವು "ಪ್ರಕಟಣೆಗಳು" ಎಂಬ ತಲೆಬರಹದಡಿ ನಾಲ್ಕು ಅಂಶ ಕೊಟ್ಟಿದ್ದೀರಿ. ಒಂದೊಂದಾಗಿ ನೋಡಿದೆ. ಒಂದು ಸಮ್ಮೇಳನದ ಪೋಸ್ಟರ್. ಒಂದು, ಪತ್ರಿಕೆಗೆ ಕಳುಹಿಸಿ ಉತ್ತರಕ್ಕೆ ಕಾಯುತ್ತಿರುವ ಲೇಖನ. ಒಂದು, ಸಮುದಾಯ ವೈದ್ಯಕೀಯದಲ್ಲಿ ತಂಡವಾಗಿ ಮಾಡಿದ ಸಮೀಕ್ಷೆ. ಇನ್ನೊಂದು ಐಸಿಎಂಆರ್ ಅಲ್ಪಾವಧಿ ವಿದ್ಯಾರ್ಥಿ ಯೋಜನೆ, ಅಂದರೆ ಎಸ್‌ಟಿಎಸ್. ಪ್ರಕಟವಾದದ್ದು ಇದರಲ್ಲಿ ಯಾವುದೂ ಇಲ್ಲ. ಲೇಖನ ಕಳುಹಿಸಿದ್ದರೆ "ಸಲ್ಲಿಸಲಾಗಿದೆ, ತಿಂಗಳು, ವರ್ಷ" ಎನ್ನಿ. ಒಪ್ಪಿಗೆಯ ಪತ್ರ ಕೈಗೆ ಬಂದ ಮೇಲೆ "ಸ್ವೀಕೃತ" ಎನ್ನಿ. ಅಚ್ಚಾದ ಮೇಲೆ ಮಾತ್ರ ಪ್ರಕಟಣೆ. ಪೋಸ್ಟರ್‌ಗೆ ಬೇರೆ ತಲೆಬರಹ ಕೊಟ್ಟು, ಮಂಡಿಸಿದವರು ನೀವೋ ನಿಮ್ಮ ಗೆಳೆಯರೋ ಹೇಳಿ.

ಎಸ್‌ಟಿಎಸ್ ಬಗ್ಗೆ ನಿಮ್ಮನ್ನು ಫೋನಿನಲ್ಲಿ ಕೇಳಿದಾಗ, ಪ್ರಸ್ತಾವ ಆಯ್ಕೆಯಾಗಲಿಲ್ಲ, ಆದರೂ ಕಾಲೇಜಿನ ನೈತಿಕ ಸಮಿತಿಯ ಒಪ್ಪಿಗೆ ಪಡೆದು ಅಧ್ಯಯನ ಮುಗಿಸಿದೆವು ಎಂದಿರಿ. ಹಾಗಾದರೆ ಐಸಿಎಂಆರ್ ಹೆಸರು ಬರುವಂತಿಲ್ಲ. ಆ ಯೋಜನೆಯಲ್ಲಿ ಪ್ರಸ್ತಾವ ಆಯ್ಕೆಯಾಗಿ, ಎರಡು ತಿಂಗಳ ಕೆಲಸದ ವರದಿಯೂ ಅಂಗೀಕಾರವಾದರೆ ಮಾತ್ರ ಪ್ರಮಾಣಪತ್ರ ಬರುತ್ತದೆ, ಸಂದರ್ಶನದಲ್ಲಿ ಅದನ್ನೇ ಕೇಳುತ್ತಾರೆ. "ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಪಡೆದ ಅಧ್ಯಯನ" ಎಂದು ಬರೆದರೆ ಅದಕ್ಕೂ ಗೌರವವಿದೆ.

ನನಗೆ ನಿಮ್ಮ ಸಮೀಕ್ಷೆಯೇ ಹೆಚ್ಚು ಹಿಡಿಸಿತು. ಬೀಡಿ ಕಟ್ಟುವ 150 ಮಹಿಳೆಯರಲ್ಲಿ ಕುತ್ತಿಗೆ ನೋವಿನ ಅಧ್ಯಯನ. ನಮ್ಮ ಜಿಲ್ಲೆಯ ಮನೆಮನೆಯ ವಿಷಯ. ಅದನ್ನು ಬರೆಯುವಾಗ ನಿಮ್ಮ ಪಾಲಿನ ಕೆಲಸ ಏನೆಂದು ಒಂದು ಮಾತು ಸೇರಿಸಿ: ಪ್ರಶ್ನಾವಳಿಯನ್ನು ತುಳುವಿಗೆ ತಂದದ್ದು, 60 ಮಂದಿಯನ್ನು ಸ್ವತಃ ಮಾತನಾಡಿಸಿದ್ದು. ಮತ್ತೆ 150 ಏಕೆ ಎಂಬ ಪ್ರಶ್ನೆಗೆ ತಯಾರಾಗಿರಿ. "ಗೈಡ್ ಹೇಳಿದರು" ಎಂದರೆ ಕಥೆ ಮುಗಿಯಿತು. ನಿಮ್ಮ ಪ್ರೋಟೋಕಾಲ್‌ನಲ್ಲೇ ಲೆಕ್ಕ ಇದೆ:

```
n = 4pq / d²
  = 4 × 40 × 60 / (8 × 8)
  = 150
```

ನೋವು ಇರುವವರು ನೂರಕ್ಕೆ 40 ಇರಬಹುದೆಂದು ಅಂದಾಜಿಸಿದ್ದೀರಿ, ಇಲ್ಲದವರು 60, ಎಂಟು ಅಂಕದಷ್ಟು ಹೆಚ್ಚುಕಡಿಮೆಯನ್ನು ಒಪ್ಪಿಕೊಂಡಿದ್ದೀರಿ. ಅದನ್ನು ಐದಕ್ಕೆ ಇಳಿಸಿದ್ದರೆ 384 ಮಂದಿ ಬೇಕಾಗುತ್ತಿತ್ತು, ನಿಮಗೆ ಸಮಯ ಇರಲಿಲ್ಲ. ಇಷ್ಟು ಹೇಳಿದರೆ ಎದುರಿಗಿರುವವರಿಗೆ ನೀವು ಹೆಸರಿಗಷ್ಟೇ ಸೇರಿದವರಲ್ಲ ಎಂದು ತಿಳಿಯುತ್ತದೆ. ಇನ್ನು, ಮೂರು ದಿನದಲ್ಲಿ ಒಪ್ಪಿಗೆ ಕೊಡುತ್ತೇವೆ, ಇಷ್ಟು ಹಣ ಕಟ್ಟಿ ಎಂದು ಇಮೇಲ್ ಬರೆಯುವ ಪತ್ರಿಕೆಗಳ ಕಡೆ ತಲೆ ಹಾಕಬೇಡಿ. ಅಂಥ ಪ್ರಕಟಣೆ ಇರುವುದಕ್ಕಿಂತ ಇಲ್ಲದಿರುವುದೇ ಮೇಲು.

ಮೇಲಿನ ಹೆಸರು-ವಿಳಾಸದ ಜಾಗದಲ್ಲಿ ಒಂದು ತಿದ್ದುಪಡಿ ಬೇಕು. ನೀವು "ಕೆಎಂಸಿ ರಿಜಿಸ್ಟ್ರೇಶನ್" ಎಂದು ಬರೆದಿದ್ದೀರಿ. ಬೆಂಗಳೂರಿನಲ್ಲಿ ಅದು ಕರ್ನಾಟಕ ಮೆಡಿಕಲ್ ಕೌನ್ಸಿಲ್, ನಮ್ಮೂರಿನಲ್ಲಿ ಕೆಎಂಸಿ ಎಂದರೆ ರಿಕ್ಷಾದವರೂ ಕಸ್ತೂರ್ಬಾ ಮೆಡಿಕಲ್ ಕಾಲೇಜಿಗೇ ಕರೆದೊಯ್ಯುತ್ತಾರೆ. ಕೌನ್ಸಿಲ್‌ನ ಹೆಸರನ್ನು ಪೂರ್ತಿ ಬರೆಯಿರಿ. ಇಂಟರ್ನ್‌ಶಿಪ್‌ಗೆ ಕೊಟ್ಟ ತಾತ್ಕಾಲಿಕ ನೋಂದಣಿಯಲ್ಲಿ ಕೆಲಸ ಮಾಡುವಂತಿಲ್ಲ. ಕಾಯಂ ನೋಂದಣಿಯ ಸಂಖ್ಯೆ ಇನ್ನೂ ಬಂದಿಲ್ಲವಾದರೆ ಅರ್ಜಿ ಸಲ್ಲಿಸಿದ ದಿನಾಂಕ ಹಾಕಿ. ನಿಮಗೆ ಕರೆ ಬಾರದಿರಲು ಇದೊಂದೇ ಕಾರಣವೂ ಇರಬಹುದು.

ಎಷ್ಟು ಕಾಲ ಇರುತ್ತೀರಿ ಎಂಬುದನ್ನು ಮುಚ್ಚಿಡಬೇಡಿ. ಪಿಜಿ ಕನಸು ಎಲ್ಲರಿಗೂ ಇದೆ ಎಂದು ನಮಗೆ ಗೊತ್ತು. "ಕನಿಷ್ಠ ಹತ್ತು ತಿಂಗಳು ಲಭ್ಯ, ರಾತ್ರಿ ಪಾಳಿಗೆ ಸಿದ್ಧ" ಎಂದು ಸ್ಪಷ್ಟವಾಗಿ ಬರೆದವರನ್ನು, ಏನೂ ಹೇಳದೆ ಮೂರನೇ ತಿಂಗಳಿಗೆ ಕಾಣೆಯಾಗುವವರಿಗಿಂತ ಮೊದಲು ಕರೆಯುತ್ತೇವೆ.

ಭಾಷೆಗಳನ್ನು ನೀವು ನಾಲ್ಕನೇ ಪುಟದ ತಳದಲ್ಲಿ, ಕ್ರಿಕೆಟ್ ಮತ್ತು ಚಾರಣದ ನಡುವೆ ಇಟ್ಟಿದ್ದೀರಿ. ಅದನ್ನು ಮೊದಲ ಪುಟದ ಮೇಲಕ್ಕೆ ತನ್ನಿ. ಕನ್ನಡ, ತುಳು, ಕೊಂಕಣಿ ಮಾತನಾಡುತ್ತೀರಿ, ಬ್ಯಾರಿ ಭಾಷೆ ಅರ್ಥವಾಗುತ್ತದೆ ಎಂದಿದ್ದೀರಿ. "ತಿಗಲೆ ಬೇನೆ" ಎಂದು ಅಜ್ಜಿಯೊಬ್ಬರು ಹೇಳಿದಾಗ ಎದೆನೋವು ಎಂದು ತಿಳಿದು ಇಸಿಜಿಗೆ ಕಳುಹಿಸಲು ಇನ್ನೊಬ್ಬರನ್ನು ಕರೆಯಬೇಕಾಗಿಲ್ಲದ ಡ್ಯೂಟಿ ಡಾಕ್ಟರ್‌ ನಮಗೆ ಬೇಕು. ಕಾಸರಗೋಡು ಕಡೆಯ ರೋಗಿಗಳು ಬರುವ ಆಸ್ಪತ್ರೆಗೆ ಅರ್ಜಿ ಹಾಕುವಾಗ, ಸ್ವಲ್ಪವಾದರೂ ಮಲಯಾಳಂ ಬಂದರೆ ಅದನ್ನೂ ಸೇರಿಸಿ.

ಇಷ್ಟು ತಿದ್ದಿದರೆ ನಾಲ್ಕು ಪುಟ ಒಂದೂವರೆಗೆ ಬರುತ್ತದೆ, ಎರಡನೇ ಪುಟದ ಉಳಿದ ಜಾಗದಲ್ಲಿ ನಿಮ್ಮನ್ನು ವಾರ್ಡಿನಲ್ಲಿ ಕಂಡ ಇಬ್ಬರು ಯೂನಿಟ್ ಮುಖ್ಯಸ್ಥರ ಹೆಸರನ್ನು ಅವರ ಒಪ್ಪಿಗೆ ಪಡೆದು ಹಾಕಿ. ಸಂದರ್ಶನಕ್ಕೆ ಲಾಗ್‌ಬುಕ್ ಚೀಲದಲ್ಲಿರಲಿ. ನೀವು ನನಗೆ ಕಳುಹಿಸಿದ ಚಿತ್ರಗಳಲ್ಲಿ ಮಾತ್ರ ರೋಗಿಗಳ ಹೆಸರೂ ಆಸ್ಪತ್ರೆ ಸಂಖ್ಯೆಯೂ ಕಾಣುತ್ತಿದ್ದವು. ಅವನ್ನು ನಾನು ಅಳಿಸಿದ್ದೇನೆ, ನಿಮ್ಮ ಮೊಬೈಲ್‌ನಿಂದ ನೀವೂ ಅಳಿಸಿ.